ಸೋಮವಾರ ಬಾರದ ಮೆಸೇಜ್

ವಿಜಯಪುರದ ಹೊರಗೆ ನಮ್ಮ ಪರಿಚಯದವರ ಒಂದು ಕೋಲ್ಡ್ ಸ್ಟೋರೇಜ್ ಇದೆ. ಅಲ್ಲಿ ಒಣದ್ರಾಕ್ಷಿ ಇಡುತ್ತಾರೆ. ಯಾವ ಲಾಟ್ ಅನ್ನು ಯಾವ ಲಾರಿಗೆ ತುಂಬಬೇಕು ಅಂತ ಬೆಳಗಿನ ಜಾವ 4:30ಕ್ಕೆ ಹಮಾಲರ ಮೇಸ್ತ್ರಿಗೂ ಡ್ರೈವರ್‌ಗಳಿಗೂ ಮೆಸೇಜ್ ಹೋಗಬೇಕು. ಸೋಮವಾರದಿಂದ ಶನಿವಾರದವರೆಗೆ ಲೋಡಿಂಗ್, ಭಾನುವಾರ ರಜೆ. ಆ ಮೆಸೇಜ್ ಕಳಿಸುವ ಕೆಲಸವನ್ನು ನಾನು ಸರ್ವರ್‌ನಲ್ಲಿ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸಿದೆ:

```
30 4 * * 1-6 /opt/load/send.sh
```

ಐದು ಜಾಗ: ನಿಮಿಷ, ಗಂಟೆ, ತಿಂಗಳ ತಾರೀಖು, ತಿಂಗಳು, ವಾರದ ದಿನ. ವಾರದಲ್ಲಿ ಭಾನುವಾರ 0, ಸೋಮವಾರ 1, ಶನಿವಾರ 6. ಓದಿದರೆ ಎಲ್ಲಾ ಸರಿ ಇದೆ, ಅಲ್ವಾ? ಆದರೆ ಮೆಸೇಜ್ ಹೋಗಿದ್ದು ಬೆಳಿಗ್ಗೆ 10 ಗಂಟೆಗೆ.

ಸರ್ವರ್‌ನ ಗಡಿಯಾರ UTCಯಲ್ಲಿತ್ತು. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಬಾಡಿಗೆಗೆ ಸಿಗುವ ಸರ್ವರ್‌ಗಳು ಬಹುಪಾಲು ಹೀಗೇ ಇರುತ್ತವೆ. ಸರಿ, ಐದೂವರೆ ಗಂಟೆ ಕಳೆದೆ. 4:30ರಿಂದ ಕಳೆದರೆ ಹಿಂದಿನ ರಾತ್ರಿ 23:00.

```
0 23 * * 1-6 /opt/load/send.sh
```

ಮಂಗಳವಾರ ಸರಿಯಾಗಿ 4:30ಕ್ಕೆ ಮೆಸೇಜ್ ಬಂತು. ಬುಧವಾರವೂ ಬಂತು. ಮುಗಿಯಿತು ಅಂದುಕೊಂಡೆ. ಭಾನುವಾರ ನಸುಕಿನಲ್ಲಿ ತಿಕೋಟಾದಿಂದ ಲಾರಿ ತಂದ ಡ್ರೈವರ್ ಫೋನ್ ಮಾಡಿದರು: "ರಜಾ ಅಂದಿದ್ರಲ್ರಿ, ಮತ್ತ ಮೆಸೇಜ್ ಯಾಕ ಬಂತು?" ಗೇಟಿಗೆ ಬೀಗ ಹಾಕಿತ್ತು. ಮರುದಿನ ಸೋಮವಾರ ಮೆಸೇಜೇ ಇಲ್ಲ. ಹಮಾಲರು ಕೆಲಸ ಯಾವುದೆಂದು ತಿಳಿಯದೆ ಕಾದು ಕುಳಿತರು. ಅವರ ಆ ಹೊತ್ತಿನ ಕೂಲಿ ಹೋಯಿತು ಅನ್ನುವುದು ನನಗೆ ಇವತ್ತಿಗೂ ಬೇಸರ.

ನಾನು ಗಂಟೆಯನ್ನು ಹಿಂದಕ್ಕೆ ಸರಿಸಿದ್ದೆ, ವಾರವನ್ನು ಸರಿಸಿರಲಿಲ್ಲ. ನಮಗೆ ಸೋಮವಾರ ಬೆಳಗಿನ ಜಾವ 4:30 ಆದಾಗ UTCಯಲ್ಲಿ ಇನ್ನೂ ಭಾನುವಾರ ರಾತ್ರಿ 11 ಗಂಟೆ. ಅಂದರೆ ಅಲ್ಲಿನ ಸೋಮವಾರದಿಂದ ಶನಿವಾರ ನಮಗೆ ಮಂಗಳವಾರದಿಂದ ಭಾನುವಾರ. ಸರಿಯಾದ ಸಾಲು ಇದು:

```
0 23 * * 0-5 /opt/load/send.sh
```

ಇದಕ್ಕೊಂದು ಸುಲಭದ ಗೆರೆ ಇದೆ. ನಮ್ಮ ಸಮಯ ಬೆಳಿಗ್ಗೆ 5:30ಕ್ಕಿಂತ ಮೊದಲಿನ ಕೆಲಸವಾದರೆ ವಾರ ಒಂದು ದಿನ ಹಿಂದೆ ಹೋಗುತ್ತದೆ. 5:30 ಅಥವಾ ಆಮೇಲಿನದಾದರೆ ವಾರ ಹಾಗೇ ಇರುತ್ತದೆ. ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಈ ಲೆಕ್ಕ ವರ್ಷವಿಡೀ ಬದಲಾಗುವುದಿಲ್ಲ.

ಸಾಲಿನ ಮೇಲೆ `CRON_TZ=Asia/Kolkata` ಅಂತ ಬರೆದರೆ ಸಾಕಲ್ಲ ಅಂತ ಕೆಲವರು ಹೇಳುತ್ತಾರೆ. cronie ಅನ್ನುವ ಕ್ರಾನ್‌ನಲ್ಲಿ ಅದು ನಡೆಯುತ್ತದೆ. ಡೆಬಿಯನ್‌ನ ಮಾಮೂಲಿ ಕ್ರಾನ್‌ನಲ್ಲಿ ನಡೆಯುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ, ಸುಮ್ನೆ ಹಳೆಯ ಸಮಯಕ್ಕೇ ಓಡುತ್ತದೆ. ಆದ್ದರಿಂದ ಮೊದಲು `timedatectl` ಹೊಡೆದು ಸರ್ವರ್ ಯಾವ ಸಮಯ ವಲಯದಲ್ಲಿದೆ ಅಂತ ನೋಡಿ. ಸರ್ವರ್ ನಿಮ್ಮದೊಬ್ಬರದೇ ಆಗಿದ್ದರೆ ವಲಯವನ್ನೇ ಭಾರತದ್ದಕ್ಕೆ ಬದಲಿಸಿ, ಕ್ರಾನ್ ಅನ್ನು ಒಮ್ಮೆ ರೀಸ್ಟಾರ್ಟ್ ಮಾಡುವುದು ವಾಸಿ.

ವಾರದ ಸಾಲು ಚಿಕ್ಕದರಿಂದ ದೊಡ್ಡದಕ್ಕೇ ಹೋಗಬೇಕು. ಶನಿವಾರದಿಂದ ಸೋಮವಾರ ಬೇಕಾದರೆ `6-1` ಅಂತ ಬರೆದರೆ ಕೆಲಸ ಆಗದು, `6,0,1` ಅಂತ ಬಿಡಿಸಿ ಬರೆಯಬೇಕು.

ಇನ್ನೊಂದು ತಪ್ಪು ಅದೇ ಸ್ಟೋರೇಜಿನ ತಾಪಮಾನದ ದಾಖಲೆಯಲ್ಲಿ ಸಿಕ್ಕಿತು. 45 ನಿಮಿಷಕ್ಕೊಮ್ಮೆ ರೀಡಿಂಗ್ ಬೇಕು ಅಂತ ಯಾರೋ ನಿಮಿಷದ ಜಾಗದಲ್ಲಿ `*/45` ಬರೆದಿದ್ದರು. ಲಾಗ್ ತೆಗೆದು ನೋಡಿದರೆ ರೀಡಿಂಗ್‌ಗಳ ನಡುವೆ 45, 15, 45, 15 ನಿಮಿಷ. ಕ್ರಾನ್‌ಗೆ ಹಿಂದಿನ ಸಲ ಯಾವಾಗ ಓಡಿತು ಅನ್ನುವ ನೆನಪಿಲ್ಲ. ಅದು ಪ್ರತಿ ನಿಮಿಷ ಗಡಿಯಾರ ನೋಡಿ, ಈ ನಿಮಿಷ ಪಟ್ಟಿಯಲ್ಲಿದೆಯಾ ಅಂತ ಕೇಳುತ್ತದೆ ಅಷ್ಟೇ. `*/45` ಅಂದರೆ 0ಯಿಂದ 59ರವರೆಗೆ 45ರ ಹೆಜ್ಜೆ: 0 ಮತ್ತು 45. ಗಂಟೆ ಬದಲಾದ ಕೂಡಲೇ ಎಣಿಕೆ ಮತ್ತೆ 0ಯಿಂದ ಶುರು. 60ನ್ನು ಸಮನಾಗಿ ಭಾಗಿಸುವ 10, 15, 20, 30 ಇದ್ದಾಗ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಗಂಟೆಯ ಜಾಗದಲ್ಲೂ ಇದೇ ಕಥೆ. `*/5` ಬರೆದರೆ ರಾತ್ರಿ 20ರ ನಂತರ ನಾಲ್ಕೇ ಗಂಟೆಗೆ ಮತ್ತೆ ಓಡುತ್ತದೆ.

ನಿಜವಾಗಿ 45 ನಿಮಿಷವೇ ಬೇಕಾದರೆ ಮೂರು ಗಂಟೆಯ ಸುತ್ತು ಹಿಡಿಯಬೇಕು, ಯಾಕಂದರೆ 180 ನಿಮಿಷದಲ್ಲಿ 45 ಸರಿಯಾಗಿ ನಾಲ್ಕು ಸಲ ಬರುತ್ತದೆ:

```
0,45 */3    * * * /opt/temp/read.sh
30   1-23/3 * * * /opt/temp/read.sh
15   2-23/3 * * * /opt/temp/read.sh
```

0:00, 0:45, 1:30, 2:15, ಆಮೇಲೆ 3:00. ದಿನದ 24 ಗಂಟೆಯನ್ನು 3 ಸಮನಾಗಿ ಭಾಗಿಸುವುದರಿಂದ ಮಧ್ಯರಾತ್ರಿಯಲ್ಲೂ ಅಂತರ ಕೆಡುವುದಿಲ್ಲ. ಈ ಸಾಲುಗಳನ್ನು ಹಾಕಿದ ಮರುದಿನ ಲಾಗ್‌ನಲ್ಲಿ ಎಣಿಸಿದೆವು. 32 ರೀಡಿಂಗ್ ಇದ್ದವು. ಹಿಂದೆ ದಿನಕ್ಕೆ 48 ಬೀಳುತ್ತಿದ್ದವು.