ಮುಂದೆ ಬಂದಾಗ ಮೀಟರ್ ನೋಡಿ

ಜುಲೈನ ಒಂದು ಭಾನುವಾರ ಆರು ಜನ ಮೈಸೂರಿನಿಂದ ಮಂಡ್ಯಕ್ಕೆ ಸೈಕಲ್‌ನಲ್ಲಿ ಹೋಗಿದ್ದೆವು. ಹೋಗುವಾಗ ನೈಋತ್ಯದ ಗಾಳಿ ಬೆನ್ನಿಗಿತ್ತು, ಬರುವಾಗ ಮುಖಕ್ಕೆ. ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ನಮ್ಮ ಸಾಲು ಮೂರು ತುಂಡಾಗಿತ್ತು. ತುಂಡು ಮಾಡಿದವನು ನಾನೇ.

ಆಗಿದ್ದಿಷ್ಟು. ಸೈಕಲ್ ಸೇರಿ 80 ಕೆಜಿ ತೂಗುವ ಸವಾರ ಅಂದುಕೊಳ್ಳಿ. ಎದುರುಗಾಳಿ ಗಂಟೆಗೆ 10 ಕಿಮೀ. ಸಮತಟ್ಟು ರಸ್ತೆಯಲ್ಲಿ 24 ಕಿಮೀ ವೇಗದಲ್ಲಿ ಹೋಗಲು ಅವನಿಗೆ ಸುಮಾರು 140 ವಾಟ್ ಬೇಕು. ಅದರಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬರ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಗಾಳಿಯ ಹೊರೆ ಮೂರರಲ್ಲೊಂದು ಪಾಲು ಕಡಿಮೆಯಾಗಿ, ನೂರೇ ವಾಟ್ ಸಾಕು.

ಅದಕ್ಕೇ ಸರದಿಯಂತೆ ಒಬ್ಬೊಬ್ಬರು ಮುಂದೆ ಇದ್ದು ಗಾಳಿ ಎದುರಿಸಿ, ಆಮೇಲೆ ಪಕ್ಕಕ್ಕೆ ಸರಿದು ಸಾಲಿನ ಬಾಲಕ್ಕೆ ಹೋಗುತ್ತೇವೆ. ನಾನು ಹೀಗೆ ಹಿಂದೆ ಆರಾಮಾಗಿದ್ದವನು. ನನ್ನ ಸರದಿ ಬಂದಾಗ ಕಾಲಲ್ಲಿ ಶಕ್ತಿ ಉಳಿದಿತ್ತು, 27ಕ್ಕೆ ಏರಿಸಿದೆ. ಮೂರೇ ಕಿಮೀ ಅಲ್ವಾ? ನನಗೆ ಅದು 180 ವಾಟ್. ಆದರೆ ನಿಜವಾಗಿ ಸುಸ್ತಾದವರು ಆಗಷ್ಟೇ ಮುಂದಿನಿಂದ ಇಳಿದು ಬಾಲ ಸೇರುತ್ತಿದ್ದವರು. ಅವರು ಸುಧಾರಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಸುಮಾರು 130 ವಾಟ್ ತುಳಿಯಬೇಕಾಯಿತು. ಅದಕ್ಕೂ ಮೊದಲು, ಓಡುತ್ತಿರುವ ಸಾಲನ್ನು ಹಿಡಿಯಲು ಇನ್ನೂ ಜಾಸ್ತಿ. ಹಿಡಿಯಲಾಗಲಿಲ್ಲ. ಒಮ್ಮೆ ನಾಲ್ಕೈದು ಮೀಟರ್ ಅಂತರ ಬಿತ್ತೆಂದರೆ ಗಾಳಿಯ ಮರೆ ತೆಳುವಾಗುತ್ತದೆ, ಅಂತರ ತಾನೇ ಬೆಳೆಯುತ್ತದೆ.

ಸರಿಯಾದ ಕ್ರಮದಲ್ಲಿ ವೇಗ ಬದಲಿಸುವವರು ಮುಂದಿನಿಂದ ಇಳಿಯುವವರು ಮಾತ್ರ. ಅವರು ಹಿಂದೆ ತಿರುಗಿ ವಾಹನ ನೋಡಿ, ಮೊಣಕೈ ಆಡಿಸಿ ಸನ್ನೆ ಮಾಡಿ, ಬಲಕ್ಕೆ ಸ್ವಲ್ಪವೇ ಸರಿದು, ಆಮೇಲೆ ತುಳಿತ ಸಡಿಲಿಸುತ್ತಾರೆ. ಮೊದಲೇ ಸಡಿಲಿಸಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಎರಡನೆಯವರು ವೇಗದ ಮೀಟರ್ ನೋಡಿಕೊಂಡು ಅದೇ 24ರಲ್ಲಿ ನೇರ ಹೋಗುತ್ತಾರೆ. ಇಳಿದವರು ಕೊನೆಯ ಸೈಕಲ್ ತಮ್ಮ ಭುಜಕ್ಕೆ ಬಂದಾಗಲೇ ಮತ್ತೆ ತುಳಿಯಲು ಶುರು ಮಾಡಬೇಕು. ಅದು ದಾಟಿದ ಮೇಲೆ ಶುರು ಮಾಡಿದರೆ ತಡವಾಯಿತು.

ಇಲ್ಲೇ ಇನ್ನೊಂದು ಅಪಾಯ: ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗುವುದು. ಸೈಕಲ್ ವಾಲಿದ ಕಡೆಗೆ ಹ್ಯಾಂಡಲ್ ತಿರುಗಿಸಿ ನಾವು ಬೀಳದೆ ಉಳಿಯುತ್ತೇವೆ. ಆ ಕಡೆ ಇನ್ನೊಂದು ಚಕ್ರ ತಡೆದರೆ ತಿರುಗಿಸಲು ಜಾಗವೇ ಇಲ್ಲ. ಅದಕ್ಕೇ ಚಕ್ರ ತಾಗಿದಾಗ ಸಾಮಾನ್ಯವಾಗಿ ಬೀಳುವುದು ಹಿಂದಿನವರು. ಮುಂದಿನ ಟೈರನ್ನೇ ದಿಟ್ಟಿಸಬೇಡಿ, ಅವರ ಭುಜದಾಚೆಗೆ ರಸ್ತೆ ನೋಡಿ.

ಗುಂಡಿ ಇದ್ದರೆ ಹಿಂದಿನವರಿಗೆ ಆ ಬದಿಯ ಕೈ ಕೆಳಗೆ ತೋರಿಸಿ. ಎಡಕ್ಕೆ ಕಬ್ಬಿನ ಟ್ರ್ಯಾಕ್ಟರ್ ನಿಂತಿದ್ದರೆ ಎಡಗೈ ಬೆನ್ನ ಹಿಂದೆ ಬಲಕ್ಕೆ ಬೀಸಿ. ಹಂಪ್ ಬಂದರೆ ಕೈ ಬೇಡ, ಎರಡೂ ಬ್ರೇಕ್ ಮೇಲಿರಲಿ. ಸುಮ್ನೆ ಕೂಗಿ.

ಈಗ ನನಗೆ ಶಕ್ತಿ ಉಳಿದಿದ್ದರೆ ಬೇರೆಯವರು ಒಂದು ನಿಮಿಷ ಮುಂದಿದ್ದು ಎಳೆಯುವಲ್ಲಿ ಮೂರು ನಿಮಿಷ ಎಳೆಯುತ್ತೇನೆ, ಅದೇ 24ರಲ್ಲಿ. ದಣಿದವರು ಮುಂದೆ ಬಂದು ಹತ್ತು ಸೆಕೆಂಡಿಗೇ ಮೊಣಕೈ ಆಡಿಸಿದರೂ ನಡೆಯುತ್ತದೆ.