ಬರ್ನರ್ ಕ್ಯಾಪ್ ಕಚ್ಕೊಂಡು ಬರ್ತಿಲ್ಲ, ಸೋಡಾ-ವಿನೆಗರ್ ಹಾಕ್ಲಾ?

ಪ್ರಶ್ನೆ: ಸ್ಟೌ ಬರ್ನರ್ ಮೇಲಿನ ಹಿತ್ತಾಳೆ ಕ್ಯಾಪ್ ಜಿಡ್ಡು ಹಿಡಿದು ಕಚ್ಕೊಂಡಿದೆ. ಅಡುಗೆ ಸೋಡಾ ಉದುರಿಸಿ ವಿನೆಗರ್ ಸುರಿದೆ, ನೊರೆ ಚೆನ್ನಾಗಿ ಬಂತು, ಕ್ಯಾಪ್ ಮಾತ್ರ ಅಲ್ಲಾಡ್ತಿಲ್ಲ. ಇನ್ನೂ ಜಾಸ್ತಿ ಹಾಕ್ಬೇಕಾ?

ಬೇಡ, ದಯವಿಟ್ಟು ಬೇಡ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇರುತ್ತೆ, ಹಾಗಾಗಿ ಈ ಸಲ ಪೂರ್ತಿ ಬರೆದುಬಿಡ್ತೀನಿ.

ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಅವು ಜಿಡ್ಡಿನ ಜೊತೆ ಅಲ್ಲ, ತಮ್ಮತಮ್ಮಲ್ಲೇ ಸೇರ್ಕೊಂಡು ಖರ್ಚಾಗಿಬಿಡ್ತವೆ. ನೀವು ನೋಡಿದ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ನೊರೆ ನಿಂತ ಮೇಲೆ ಉಳಿಯೋದು ಸೋಡಿಯಂ ಅಸಿಟೇಟ್ ಅನ್ನೋ ಉಪ್ಪು ಕರಗಿದ ನೀರು, ಅದಕ್ಕೆ ಜಿಡ್ಡು ಬಿಡಿಸೋ ಶಕ್ತಿ ಇಲ್ಲ. ಜಿಡ್ಡಿನ ಮೇಲೆ ಸ್ವಲ್ಪನಾದ್ರೂ ಕೆಲಸ ಮಾಡೋದು ಕ್ಷಾರ, ಅದನ್ನೇ ನೀವು ವಿನೆಗರ್ ಹಾಕಿ ಸಾಯಿಸ್ತಿದ್ದೀರಿ. ನಂಬಿಕೆ ಬರದಿದ್ರೆ ಸ್ಟೌ ಮೇಲಿನ ಒಂದು ಹಳೇ ಜಿಡ್ಡಿನ ಕಲೆ ಆರಿಸ್ಕೊಳ್ಳಿ, ಅರ್ಧಕ್ಕೆ ಸೋಡಾ-ವಿನೆಗರ್, ಇನ್ನರ್ಧಕ್ಕೆ ಬಿಸಿನೀರಲ್ಲಿ ಕಲಸಿದ ಬರೀ ಸೋಡಾ ಪೇಸ್ಟು ಹಚ್ಚಿ, ಅರ್ಧ ಗಂಟೆ ಬಿಟ್ಟು ಎರಡನ್ನೂ ಒಂದೇ ಬಟ್ಟೇಲಿ ಒರೆಸಿ, ಯಾವ ಕಡೆ ಬಟ್ಟೆ ಕಂದಾಗುತ್ತೆ ನೋಡಿ. ವಿನೆಗರ್ ಜಾಸ್ತಿ ಹಾಕಿ ಹಾಗೇ ಬಿಟ್ರೆ ಇನ್ನೊಂದು ತೊಂದರೆ. ಹಿತ್ತಾಳೆಯಲ್ಲಿರೋ ಸತು ಕರಗಿ ಕ್ಯಾಪ್ ಮೇಲೆ ತಾಮ್ರದ ಥರ ಗುಲಾಬಿ ಕಲೆ ಬೀಳುತ್ತೆ, ಕೆಳಗಿನ ಬೀಡುಕಬ್ಬಿಣದ ಟ್ಯೂಬು ತುಕ್ಕು ಹಿಡಿಯುತ್ತೆ, ಆಮೇಲೆ ಆ ತುಕ್ಕೇ ಕ್ಯಾಪನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ.

ಅಲ್ಲಿರೋದು ಈಗ ಎಣ್ಣೆಯೇ ಅಲ್ಲ. ಎಣ್ಣೆ ತೆಳ್ಳಗೆ ಹರಡಿ ಪದೇ ಪದೇ ಕಾದ್ರೆ ಗಾಳಿ ಜೊತೆ ಸೇರಿ ವಾರ್ನಿಶ್ ಥರ ಗಟ್ಟಿಯಾಗುತ್ತೆ, ಮತ್ತೆ ಕರಗೋದು ಕಷ್ಟ. ಆದ್ರೆ ಪೂರ್ತಿ ಕರಗಿಸ್ಬೇಕಾಗೂ ಇಲ್ಲ. ಕ್ಯಾಪು ಟ್ಯೂಬು ಸೇರೋ ಜಾಗದಲ್ಲಿ ಕೂದಲಷ್ಟು ತೆಳ್ಳಗಿನ ಜಿಡ್ಡಿನ ಉಂಗುರ ಇದೆಯಲ್ಲ, ಅದು ಒಡೆದ್ರೆ ಸಾಕು, ಮಿಕ್ಕ ಜಿಡ್ಡನ್ನ ಕ್ಯಾಪ್ ಹೊರಗೆ ಬಂದ ಮೇಲೆ ನೆನೆಸಿ ತೊಳ್ಕೋಬಹುದು.

ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಸ್ಟೌ ಪೂರ್ತಿ ತಣ್ಣಗಾಗ್ಲಿ. ನಿಮ್ಮ ಕ್ಯಾಪಿಗೆ ಸ್ಕ್ರೂ ಇದೆಯಾ ನೋಡ್ಕೊಳ್ಳಿ, ಕೆಲವು ಮಾಡೆಲಲ್ಲಿ ಇರುತ್ತೆ, ಇದ್ರೆ ಅದನ್ನ ಮೊದಲು ಬಿಚ್ಚಿ. ಮರದ ಟೂತ್‌ಪಿಕ್ಕಲ್ಲಿ ಆ ಸೇರೋ ಗೆರೆ ಸುತ್ತ ಕೆರೆದು ಮೇಲಿನ ಕರಿ ತೆಗೀರಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ (ಅಡುಗೆ ಸೋಡಾಗಿಂತ ಇದರ ಕ್ಷಾರ ಜೋರು), ನಾಲ್ಕೈದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಕೈಗೆ ಗ್ಲೌಸ್ ಇರ್ಲಿ. ಕ್ಯಾಪ್ ಬೆಳ್ಳಗಿದ್ರೆ ಅದು ಅಲ್ಯೂಮಿನಿಯಂ ಇರಬಹುದು, ಅದಕ್ಕೆ ವಾಷಿಂಗ್ ಸೋಡಾ ತಾಗಿಸ್ಬೇಡಿ, ಕಪ್ಪಾಗುತ್ತೆ, ಬರೀ ಲಿಕ್ವಿಡ್ ಸಾಕು. ಬಟ್ಟೆ ಪಟ್ಟಿ ಅದ್ದಿ, ನೀರು ಟ್ಯೂಬೊಳಗೆ ಇಳೀದಷ್ಟು ಹಿಂಡಿ, ಗೆರೆ ಸುತ್ತ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ. ಅರ್ಧ ಗಂಟೆ ಆದ್ಮೇಲೆ ಮತ್ತೆ ಬಿಸಿಯಾಗಿ ಅದ್ದಿ ಇನ್ನೊಂದು ಸಲ.

ಈಗ ತಣ್ಣಗಾಗೋಕೆ ಬಿಡಿ, ಇಲ್ಲೇ ಎಲ್ರೂ ಅವಸರ ಮಾಡೋದು. ಹಿತ್ತಾಳೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ, ಕ್ಯಾಪಿನ ಕುತ್ತಿಗೆ ಟ್ಯೂಬಿನ ಒಳಗೆ ಕೂರೋ ಥರ ಇದ್ರೆ ಬಿಸಿ ಇದ್ದಾಗ ಇನ್ನೂ ಬಿಗಿಯಾಗಿರುತ್ತೆ. ಬರ್ನರ್ ಹಚ್ಚಿ ಕಾಯಿಸಿ ಎಳೆಯೋದು ಅದಕ್ಕೇ ಕೆಲಸ ಮಾಡಲ್ಲ. ತಣ್ಣಗಾದ ಮೇಲೆ ಒಣ ಬಟ್ಟೇಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಎತ್ತೋಕೆ ಹೋಗ್ಬೇಡಿ. ಸಣ್ಣದಾಗಿ "ಕರ್" ಅಂತ ಸದ್ದಾಗಿ ಗೆರೆಯಿಂದ ಕಂದು ನೀರು ಇಣುಕಿದ್ರೆ ಉಂಗುರ ಒಡೀತು ಅಂತ, ಆಮೇಲೆ ನೇರವಾಗಿ ಎತ್ತಿ. ಬರ್ಲಿಲ್ಲಾಂದ್ರೆ ಮರದ ಸೌಟಿನ ಹಿಡಿಯಿಂದ ಪಕ್ಕದಲ್ಲಿ ಸುತ್ತ ತಟ್ಟಿ ಮತ್ತೆ ನೆನೆಸಿ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದ್ರೆ ಹಿತ್ತಾಳೆ ಅಂಚು ಬಾಗುತ್ತೆ, ಆಮೇಲೆ ಕ್ಯಾಪ್ ಸರಿಯಾಗಿ ಕೂರದೆ ಉರಿ ಒಂದೇ ಕಡೆ ಎದ್ದೇಳುತ್ತೆ.

ಇನ್ನು ನಾಬ್ ವಿಷಯ, ಅದನ್ನ ನೀವು ಕೇಳಿಲ್ಲ, ಆದ್ರೆ ಕ್ಯಾಪ್ ಕಚ್ಕೊಂಡಿರೋ ಸ್ಟೌನಲ್ಲಿ ನಾಬೂ ಸಾಮಾನ್ಯವಾಗಿ ಹಾಗೇ ಇರುತ್ತೆ. ನಾಬ್ ಆಫ್ ಜಾಗಕ್ಕೆ ತಂದು, ಅದರ ಹಿಂದೆ ಹಿಂಡಿದ ಬಿಸಿ ಸೋಪು ಬಟ್ಟೆ ಇಟ್ಟು ಬಿಡಿ, ಆಮೇಲೆ ಒಂದು ತೆಳು ಬಟ್ಟೆ ಪಟ್ಟೀನ ನಾಬ್ ಹಿಂದಿಂದ ಸುತ್ತಿ ಎರಡೂ ತುದಿ ಒಟ್ಟಿಗೆ ಹಿಡಿದು ನಿಮ್ಮ ಕಡೆಗೆ ನೇರವಾಗಿ ಎಳೀರಿ. ಓರೆ ಎಳೆದ್ರೆ ಪ್ಲಾಸ್ಟಿಕ್ ಒಳಗೋಡೆ ಸೀಳುತ್ತೆ. ಬಂದ ಮೇಲೆ ನಾಬ್ ಕೂತಿದ್ದ ವಾಲ್ವ್ ಕಡ್ಡೀನ ಬರಿಗೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ್ರೆ ಅಂಟು ನಾಬಲ್ಲೇ ಇತ್ತು, ತೊಳೆದು ಹಾಕ್ಕೊಳ್ಳಿ. ಕಡ್ಡೀನೇ ಬಿಗಿ ಇದ್ರೆ ವಾಲ್ವ್ ಒಳಗಿನ ಗ್ರೀಸು ಒಣಗಿದೆ, ಅಲ್ಲಿಗೆ ಎಣ್ಣೆ ಬಿಡೋದು, ಸ್ಪ್ರೇ ಹೊಡೆಯೋದು ಮಾಡ್ಬೇಡಿ, ಗ್ಯಾಸ್ ಲೀಕ್ ಆಗದ ಹಾಗೆ ತಡೀತಿರೋದು ಆ ಗ್ರೀಸೇ, ಅದು ತೊಳೆದುಹೋಗುತ್ತೆ. ಆ ಬರ್ನರ್ ಉಪಯೋಗಿಸೋದು ನಿಲ್ಲಿಸಿ, ಸ್ಟೌ ಮೆಕ್ಯಾನಿಕ್ಕನ್ನ ಕರೆಸಿ ವಾಲ್ವ್ ಬಿಚ್ಚಿಸಿ ಗ್ಯಾಸಿಗೆ ಅಂತಲೇ ಇರೋ ಗ್ರೀಸ್ ಹಾಕಿಸಿ.