ತಿಜೋರಿಯಲ್ಲಿ ಚಿನ್ನವಿತ್ತು, ಡಾಲರ್ ಇರಲಿಲ್ಲ

ಶಿವಮೊಗ್ಗದ ಬ್ಯಾಂಕುಗಳಲ್ಲಿ ಚಿನ್ನದ ಸಾಲದ ಕೆಲಸ ನೋಡಿಕೊಂಡ ನನ್ನಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಅಡಿಕೆ ಕೊಯ್ಲಿಗೆ ಮುಂಚೆ ಬಳೆ, ಸರ ತಂದು ಅಡವಿಡುವವರು ಗತಿಯಿಲ್ಲದವರಲ್ಲ. ತೋಟವಿದೆ, ಮರದಲ್ಲಿ ಫಸಲಿದೆ. ಅಡಿಕೆ ಗೊನೆ ಕೊಯ್ಯುವವರಿಗೆ ಕೂಲಿ ಕೊಡಲು ನಗದು ಇಲ್ಲ, ಅಷ್ಟೆ. 1991ರ ಭಾರತದ ಸ್ಥಿತಿಯೂ ಮೇಲ್ನೋಟಕ್ಕೆ ಹೀಗೇ ಇತ್ತು. ಆದರೆ ರೋಗ ಇನ್ನೂ ಆಳದಲ್ಲಿತ್ತು.

ಆ ವರ್ಷ ಮಾರ್ಚ್ ಕೊನೆಗೆ ದೇಶದ ವಿದೇಶಿ ವಿನಿಮಯ ಮೀಸಲು ಲೆಕ್ಕದಲ್ಲಿ ಸುಮಾರು 580 ಕೋಟಿ ಡಾಲರ್ ಇತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿನ್ನ. ರಿಸರ್ವ್ ಬ್ಯಾಂಕ್ ಬಹುಕಾಲ ತನ್ನ ಚಿನ್ನವನ್ನು 10 ಗ್ರಾಂಗೆ 84.39 ರೂಪಾಯಿಯ ಹಳೇ ದರದಲ್ಲೇ ಬರೆದುಕೊಂಡು ಬಂದಿತ್ತು. 1990ರ ಅಕ್ಟೋಬರಿನಲ್ಲಿ ಅದನ್ನು ಅಂತರರಾಷ್ಟ್ರೀಯ ಮಾರುಕಟ್ಟೆ ದರದ ಹತ್ತಿರಕ್ಕೆ ಏರಿಸಿತು. ಪುಸ್ತಕದಲ್ಲಿ ಮೊತ್ತ ಏರಿತು, ತೈಲದ ಹಡಗಿಗೆ ಕೊಡಲು ಒಂದು ಡಾಲರೂ ಹೆಚ್ಚಲಿಲ್ಲ. ಜೂನ್ ಹೊತ್ತಿಗೆ ಖರ್ಚಿಗೆ ಸಿಗುವ ವಿದೇಶಿ ಕರೆನ್ಸಿ ಸುಮಾರು 110 ಕೋಟಿ ಡಾಲರಿಗೆ ಇಳಿದಿತ್ತು. ಎರಡು ಮೂರು ವಾರದ ಆಮದಿಗೆ ಮಾತ್ರ ಸಾಲುವಷ್ಟು.

ಇಷ್ಟು ಬೇಗ ಕರಗಿದ್ದು ಹೇಗೆ? ಕುವೈತ್ ಮೇಲೆ ಇರಾಕ್ ದಾಳಿ ಮಾಡಿದ ಮೇಲೆ ತೈಲ ದುಬಾರಿಯಾಯಿತು, ಕೊಲ್ಲಿಯಿಂದ ಬರುವ ಹಣ ತಗ್ಗಿತು. ಎಲ್ಲರೂ ಹೇಳುವ ಕಾರಣ ಇದು, ನಿಜವೂ ಹೌದು. ಆದರೆ ನನ್ನ ಪ್ರಕಾರ ದೇಶವನ್ನು ಅಂಚಿಗೆ ತಳ್ಳಿದ್ದು ಅಲ್ಪಾವಧಿ ಸಾಲ. ಅದು ಸುಮಾರು 850 ಕೋಟಿ ಡಾಲರ್, ಚಿನ್ನವೂ ಸೇರಿದ ಇಡೀ ಮೀಸಲಿಗಿಂತ ಹೆಚ್ಚು. ಇಂಥ ಸಾಲ ಕೊಟ್ಟವರು ನವೀಕರಿಸುತ್ತ ಹೋದರೆ ತೊಂದರೆಯಿಲ್ಲ. ಪೂರ್ಣ ಬಜೆಟ್ ಮಂಡನೆಯಾಗದೆ, ಸರ್ಕಾರವೂ ಬಿದ್ದು, ದೇಶದ ರೇಟಿಂಗ್ ಇಳಿದ ಮೇಲೆ ಅವರು ನವೀಕರಣ ನಿಲ್ಲಿಸಿದರು. ಅನಿವಾಸಿ ಭಾರತೀಯರೂ ಠೇವಣಿ ವಾಪಸ್ ಪಡೆಯತೊಡಗಿದರು. ನಮ್ಮ ಮಲೆನಾಡಿನ ಕಾಫಿ ಆಗ ದೊಡ್ಡ ಪ್ರಮಾಣದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ಆದರೆ ಆ ವ್ಯಾಪಾರ ನಡೆಯುತ್ತಿದ್ದುದು ರೂಪಾಯಿ ಲೆಕ್ಕದಲ್ಲಿ, ಹಾಗಾಗಿ ಅದರಿಂದ ಡಾಲರ್ ಹುಟ್ಟುತ್ತಿರಲಿಲ್ಲ.

ಡಾಲರ್ ಹೊಂದಿಸಲು ಸರ್ಕಾರ ಮೊದಲು ಮುಟ್ಟಿದ್ದು ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ ಚಿನ್ನವನ್ನು. ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನವನ್ನು, ಮತ್ತೆ ಕೊಳ್ಳುವ ಹಕ್ಕು ಉಳಿಸಿಕೊಂಡು, ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿ ಸುಮಾರು 20 ಕೋಟಿ ಡಾಲರ್ ತಂದರು. ಸಾಲಲಿಲ್ಲ. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ ಚಿನ್ನದಲ್ಲಿ ಸುಮಾರು 47 ಟನ್ನನ್ನು ನಾಲ್ಕು ಕಂತಿನಲ್ಲಿ ವಿಮಾನದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಕಳಿಸಿತು. ಆ ಅಡವಿನ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ 40.5 ಕೋಟಿ ಡಾಲರ್ ಸಾಲ ಕೊಟ್ಟವು.

47 ಟನ್ನೇ ಏಕೆ? ರಿಸರ್ವ್ ಬ್ಯಾಂಕ್ ಕಾಯ್ದೆಯ ಪ್ರಕಾರ ನೋಟುಗಳ ಬೆಂಬಲಕ್ಕೆ ಇಟ್ಟ ಚಿನ್ನದ ಇಪ್ಪತ್ತರಲ್ಲಿ ಹದಿನೇಳು ಪಾಲಾದರೂ ಭಾರತದಲ್ಲೇ ಇರಬೇಕು. ಹೊರಗೆ ಇಡಬಹುದಾದದ್ದು ಶೇ 15 ಮಾತ್ರ. ಆಗಿದ್ದ ಸುಮಾರು 330 ಟನ್ನಿನಲ್ಲಿ ಅದು 50 ಟನ್ನಿನ ಆಸುಪಾಸು. ಅಂದರೆ ಹೋದದ್ದು ಹೆಚ್ಚುಕಡಿಮೆ ಕಾನೂನು ಬಿಟ್ಟಷ್ಟೂ. ಕಾಗದದ ಮೇಲೆ ಅಡವು ಬರೆದುಕೊಟ್ಟರೆ ಸಾಕಾಗುತ್ತಿರಲಿಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲ ಕೊಟ್ಟವರ ಸುಪರ್ದಿಯಲ್ಲಿ ಇಲ್ಲದ ಚಿನ್ನ ಅಡವೇ ಅಲ್ಲ. ನಾಳೆ ಸಾಲ ತೀರದಿದ್ದರೆ ಮುಂಬೈ ತಿಜೋರಿಯಿಂದ ಅದನ್ನು ಎತ್ತಿಕೊಂಡು ಹೋಗಲು ಲಂಡನ್ನಿನವರಿಗೆ ಸಾಧ್ಯವೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 47 ಟನ್ ಎಂದರೆ ಸುಮಾರು 15 ಲಕ್ಷ ಔನ್ಸ್. ಔನ್ಸಿಗೆ 365 ಡಾಲರ್ ಆಸುಪಾಸಿನ ಅಂದಿನ ಬೆಲೆಗೆ 55 ಕೋಟಿ ಡಾಲರ್. ಸಿಕ್ಕ ಸಾಲ ಅದರ ನಾಲ್ಕರಲ್ಲಿ ಮೂರು ಪಾಲಿಗೂ ತುಸು ಕಡಿಮೆ. ವರ್ಷಕ್ಕೆ ಸುಮಾರು 2,400 ಕೋಟಿ ಡಾಲರ್ ಆಮದು ಮಾಡುತ್ತಿದ್ದ ದೇಶಕ್ಕೆ ಆ ದುಡ್ಡು ಆರು ದಿನದ ಖರ್ಚು. ಆದರೂ ಅದು ವ್ಯರ್ಥವಲ್ಲ. ವಿದೇಶಿ ಸಾಲದ ಒಂದೇ ಒಂದು ಕಂತು ತಪ್ಪಿದ್ದರೂ ಉಳಿದ ಸಾಲದ ಬಾಗಿಲುಗಳೂ ಅಂದೇ ಮುಚ್ಚುತ್ತಿದ್ದವು. ಆ ದಿನ ಬಾರದಂತೆ ಈ ದುಡ್ಡು ತಡೆಯಿತು.

ಬಿಕ್ಕಟ್ಟು ಬಗೆಹರಿದದ್ದು ಚಿನ್ನದಿಂದಲ್ಲ. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆ ಇಳಿಸಿದರು. ಡಾಲರಿಗೆ 21 ರೂಪಾಯಿ ಇದ್ದದ್ದು 26ರ ಹತ್ತಿರ ಬಂತು. ಆಮದನ್ನು ಹಿಂಡಿ ಹಿಡಿದರು, ಇದರ ಪೆಟ್ಟು ಬಿಡಿಭಾಗ ಸಿಗದ ಕಾರ್ಖಾನೆಗಳಿಗೆ ಬಿತ್ತು. ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಅದೇ ದಿನ ಪ್ರಕಟವಾದ ಕೈಗಾರಿಕಾ ನೀತಿ ಬಹುತೇಕ ಉದ್ಯಮಗಳಿಗೆ ಲೈಸೆನ್ಸ್ ಪಡೆಯಬೇಕೆಂಬ ಕಟ್ಟಳೆಯನ್ನು ರದ್ದು ಮಾಡಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಬಂತು. ಮರುವರ್ಷದ ಮಾರ್ಚಿಗೆ ಮೀಸಲು 920 ಕೋಟಿ ಡಾಲರ್ ಮುಟ್ಟಿತ್ತು.

ರಿಸರ್ವ್ ಬ್ಯಾಂಕ್ ಚಿನ್ನದ ಮೇಲಿನ ಸಾಲವನ್ನು 1991ರಲ್ಲೇ ತೀರಿಸಿತು. ಚಿನ್ನ ಮಾತ್ರ ಲಂಡನ್ನಿನಲ್ಲೇ ಉಳಿಯಿತು, ಅಡವಾಗಿ ಅಲ್ಲ, ಭದ್ರತೆಗೆ ಇಟ್ಟ ಸ್ವಂತ ಆಸ್ತಿಯಾಗಿ. 2024ರಲ್ಲಿ ಬ್ರಿಟನ್ನಿನಿಂದ 100 ಟನ್ ಚಿನ್ನ ತಂದ ಸುದ್ದಿ ಬಂದಾಗ ಅಡವು ಈಗ ಬಿಡಿಸಿಕೊಂಡರು ಎಂದು ಎಷ್ಟೋ ಮಂದಿ ತಿಳಿದರು. ಬಿಡಿಸಿಕೊಂಡು ಆಗಲೇ ಮೂವತ್ತೆರಡು ವರ್ಷ ಕಳೆದಿದ್ದವು.